ಬಟನ್ ಒತ್ತಿದ್ದು ಈಗ, ಬ್ಯಾಟ್ ಬೀಸಿದ್ದು ಆಮೇಲೆ

ಮನೆಗೆ ಹೊಸದಾಗಿ 55 ಇಂಚಿನ ಟಿವಿ ಬಂದಿದೆ, ಪಕ್ಕದಲ್ಲಿ ಪ್ಲೇಸ್ಟೇಷನ್ 5 ಕೂತಿದೆ. ‘ಕ್ರಿಕೆಟ್ 24’ ಹಾಕಿಕೊಂಡು ಆಡಲು ಕೂತರೆ ಸ್ಪಿನ್ನರ್‌ಗಳನ್ನು ಹೇಗೋ ನಿಭಾಯಿಸಬಹುದು. ವೇಗದ ಬೌಲರ್ ಬಂದನೆಂದರೆ ಹೊಡೆತವೆಲ್ಲ ತಡ. ಚೆಂಡು ನೋಡಿದ್ದು ಸರಿಯಾಗಿಯೇ ಇದೆ, ಬಟನ್ ಒತ್ತಿದ್ದೂ ಸರಿಯಾದ ಹೊತ್ತಿಗೇ. ಆದರೂ ಸ್ಟಂಪ್ ಹಾರಿದ ಮೇಲೆ ಬ್ಯಾಟ್ ಬೀಸಿದ ಹಾಗೆ ಕಾಣುತ್ತದೆ. ಮೊದಲು ಬೈಸಿಕೊಳ್ಳುವುದು ಮನೆಯ ವೈಫೈ, ಆಮೇಲೆ ಕಂಟ್ರೋಲರ್, ಕೊನೆಗೆ ಆಡುವವನ ವಯಸ್ಸು. ಟಿವಿಯನ್ನು ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ಅದರಲ್ಲಿ ಚಿತ್ರ ಅಷ್ಟು ಚೆಂದ ಬರುತ್ತಿರುತ್ತದೆ.

ವೈಫೈ ತಪ್ಪು ಹೌದೋ ಅಲ್ಲವೋ ಎಂದು ತಿಳಿಯುವುದು ಸುಲಭ. ಇಂಟರ್ನೆಟ್ ಬಂದ್ ಮಾಡಿ, ಕಂಪ್ಯೂಟರ್ ಎದುರಾಳಿಯ ಜೊತೆ ಒಂದು ಓವರ್ ಆಡಿ ನೋಡಿ. ಆಗಲೂ ಹೊಡೆತ ತಡವಾಗುತ್ತಿದ್ದರೆ ಅದಕ್ಕೂ ನೆಟ್‌ವರ್ಕಿಗೂ ಸಂಬಂಧವಿಲ್ಲ. ಬಟನ್ ಒತ್ತಿದ ಕ್ಷಣಕ್ಕೂ ಅದರ ಫಲ ಪರದೆಯ ಮೇಲೆ ಕಾಣುವ ಕ್ಷಣಕ್ಕೂ ನಡುವಿನ ಈ ಅಂತರಕ್ಕೆ ಇನ್‌ಪುಟ್ ಲ್ಯಾಗ್ ಎನ್ನುತ್ತಾರೆ. ಲೆಕ್ಕವೆಲ್ಲ ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ.

ಅಷ್ಟು ಚಿಕ್ಕ ಲೆಕ್ಕ ಆಟವನ್ನು ಕೆಡಿಸುತ್ತದೆಯೇ ಎಂದು ಅನುಮಾನ ಬರಬಹುದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. 100 ಮಿಲಿಸೆಕೆಂಡ್ ಎಂದರೆ ಹತ್ತಿರ ಹತ್ತಿರ 4 ಮೀಟರ್. ಪಿಚ್ಚಿನ ಉದ್ದ 20 ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಂದರೆ ಟಿವಿ 100 ಮಿಲಿಸೆಕೆಂಡ್ ಹಿಂದೆ ಬಿದ್ದಿದ್ದರೆ, ನಿಮ್ಮ ಕಣ್ಣಿಗೆ ಚೆಂಡು ಎಲ್ಲಿ ಕಾಣುತ್ತಿದೆಯೋ ಅದಕ್ಕಿಂತ ಪಿಚ್ಚಿನ ಐದನೇ ಒಂದು ಭಾಗದಷ್ಟು ಮುಂದೆ ಆಟದ ಒಳಗಿನ ಚೆಂಡು ಬಂದಾಗಿದೆ. ಆಡುವವನು ನೋಡುತ್ತಿರುವುದು ಹಳೆಯ ಚೆಂಡನ್ನು. ಸ್ಪಿನ್ನರ್ ಎದುರು ಇದೇ ಅಂತರ ಎರಡು ಮೀಟರ್ ಆಸುಪಾಸಿಗೆ ಇಳಿಯುವುದರಿಂದ ಅಲ್ಲಿ ಹೇಗೋ ದಾಟಿಹೋಗುತ್ತದೆ.

ಈ ಸಮಯ ಎಲ್ಲೆಲ್ಲಿ ಸೋರುತ್ತದೆ ಎಂದು ನೋಡೋಣ. ಕಂಟ್ರೋಲರಿನಿಂದ ಕನ್ಸೋಲಿಗೆ ಸಂಕೇತ ಹೋಗಲು ಕೆಲವೇ ಮಿಲಿಸೆಕೆಂಡ್ ಸಾಕು. ವೈರ್‌ಲೆಸ್ ಆದರೂ ಅಷ್ಟೇ. ಅದನ್ನು ಮರೆತುಬಿಡಬಹುದು. ಕನ್ಸೋಲಿನ ಒಳಗಿನ ಕೆಲಸ ಮಾತ್ರ ನಿಧಾನದ್ದು. ಆಟ ಚಿತ್ರವನ್ನು ಒಂದೊಂದೇ ಫ್ರೇಮ್ ಆಗಿ ಬರೆಯುತ್ತದೆ. ಸೆಕೆಂಡಿಗೆ 60 ಫ್ರೇಮ್ ಬರೆಯುವ ಆಟದಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 30 ಫ್ರೇಮಿನ ಆಟದಲ್ಲಿ 33.3. ನಿಮ್ಮ ಬಟನ್ ಓದಿಕೊಳ್ಳಲು, ಬ್ಯಾಟ್ಸ್‌ಮನ್ ಕೈ ಎಲ್ಲಿರಬೇಕು ಎಂದು ಲೆಕ್ಕ ಹಾಕಲು, ಅದನ್ನು ಚಿತ್ರವಾಗಿಸಲು ಸಾಮಾನ್ಯವಾಗಿ ಎರಡು ಮೂರು ಫ್ರೇಮ್ ಹಿಡಿಯುತ್ತದೆ. ಹಾಗಾಗಿ 60 ಫ್ರೇಮಿನ ಆಟದಲ್ಲಿ 50 ಮಿಲಿಸೆಕೆಂಡ್ ಆಸುಪಾಸು, 30 ಫ್ರೇಮಿನ ಆಟದಲ್ಲಿ ಅದರ ಎರಡರಷ್ಟು ಕನ್ಸೋಲಿನಲ್ಲೇ ಕಳೆದುಹೋಗುತ್ತದೆ. ಇದು ಆಟ ತಯಾರಿಸಿದವರ ಕೈಯಲ್ಲಿರುವ ವಿಷಯ. ಅವರು ಇದನ್ನು ಗಮನದಲ್ಲಿಟ್ಟುಕೊಂಡೇ ಆಟವನ್ನು ಹದಗೊಳಿಸಿರುತ್ತಾರೆ.

ಅವರ ಲೆಕ್ಕಕ್ಕೆ ಸಿಗದೆ ಉಳಿಯುವುದು ನಿಮ್ಮ ಟಿವಿ.

ಟಿವಿ ತನಗೆ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದಿಲ್ಲ. ಮೊದಲು ಅದನ್ನು ಅಲಂಕರಿಸುತ್ತದೆ. ಕಾಳುಕಾಳಾಗಿ ಕಾಣುವುದನ್ನು ಒರೆಸುತ್ತದೆ, ಅಂಚುಗಳನ್ನು ಚೂಪು ಮಾಡುತ್ತದೆ, ಬಣ್ಣ ಏರಿಸುತ್ತದೆ, ಪರದೆಯ ಹಿಂದಿನ ಬೆಳಕನ್ನು ಎಲ್ಲಿ ಹೆಚ್ಚಿಸಬೇಕು ಎಲ್ಲಿ ಕಡಿಮೆ ಮಾಡಬೇಕು ಎಂದು ಲೆಕ್ಕ ಹಾಕುತ್ತದೆ. ಇವುಗಳಲ್ಲಿ ಅತಿ ದುಬಾರಿ ಕೆಲಸ ಚಲನೆಯನ್ನು ನಯಗೊಳಿಸುವುದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಇರುತ್ತದೆ. ಟಿವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಹೊಸ ಚಿತ್ರ ತೋರಿಸಬಲ್ಲದು. ನಡುವಿನ ಖಾಲಿ ಜಾಗ ತುಂಬಲು ಟಿವಿ ತಾನೇ ಹೊಸ ಫ್ರೇಮುಗಳನ್ನು ಹುಟ್ಟಿಸುತ್ತದೆ. ಎಲ್‌ಜಿಯವರು ಇದನ್ನು ಟ್ರೂಮೋಷನ್ ಎಂದು ಕರೆಯುತ್ತಾರೆ, ಸೋನಿಯವರು ಮೋಷನ್‌ಫ್ಲೋ ಎನ್ನುತ್ತಾರೆ. ಎರಡು ಫ್ರೇಮುಗಳ ನಡುವೆ ಮೂರನೆಯದನ್ನು ಹುಟ್ಟಿಸಬೇಕಾದರೆ ಹಿಂದಿನದೂ ಮುಂದಿನದೂ ಎರಡೂ ಕೈಯಲ್ಲಿರಬೇಕು. ಆದ್ದರಿಂದ ಬಂದ ಫ್ರೇಮನ್ನು ತಡೆಹಿಡಿದು, ಮುಂದಿನದು ಬರುವವರೆಗೆ ಟಿವಿ ಕಾಯಲೇಬೇಕು. ಇದು ಚಿಪ್ ಎಷ್ಟೇ ಚುರುಕಾಗಿದ್ದರೂ ತಪ್ಪದ ಕಾಯುವಿಕೆ. ಉಳಿದ ಅಲಂಕಾರಗಳೂ ಸೇರಿ ಟಿವಿಯೊಂದರಲ್ಲೇ 50ರಿಂದ 100 ಮಿಲಿಸೆಕೆಂಡ್, ಕೆಲವು ಟಿವಿಗಳಲ್ಲಿ ಅದಕ್ಕೂ ಹೆಚ್ಚು ತಡವಾಗುತ್ತದೆ.

ಧಾರಾವಾಹಿ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಚಿತ್ರ ಎಷ್ಟು ತಡವೋ ಅಷ್ಟೇ ಧ್ವನಿಯನ್ನೂ ಟಿವಿ ತಡಮಾಡುತ್ತದೆ. ತುಟಿಗೂ ಮಾತಿಗೂ ಹೊಂದಿಕೆಯಾದರೆ ಸಾಕು. ತಡ ಎನ್ನುವುದು ತಿಳಿಯುವುದು ನಮ್ಮ ಕೈ ಅದರೊಳಗೆ ಸೇರಿಕೊಂಡಾಗ ಮಾತ್ರ.

ಹಳೆಯ ಡಬ್ಬಾ ಟಿವಿಗಳಲ್ಲಿ ಈ ತಾಪತ್ರಯ ಇರಲಿಲ್ಲ. ಸಂಕೇತ ಬಂದ ಹಾಗೆ ಸಾಲು ಸಾಲಾಗಿ ಪರದೆಯ ಮೇಲೆ ಗೀಚುತ್ತಾ ಹೋಗುವ ಯಂತ್ರ ಅದು. ಕೂಡಿಡಲು ಅದಕ್ಕೆ ಜಾಗವೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮಾರಾಟವಾಗುತ್ತಿದ್ದ ಎಂಟು ಬಿಟ್ ವಿಡಿಯೊ ಗೇಮ್‌ಗಳ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು ಬರುತ್ತಿದ್ದುದು ಹಲವರಿಗೆ ನೆನಪಿರಬಹುದು. ಬಾತುಕೋಳಿ ಹೊಡೆಯುವ ಆ ಆಟ ನಿಂಟೆಂಡೊ 1984ರಲ್ಲಿ ತಂದ ‘ಡಕ್ ಹಂಟ್’. ಕುದುರೆ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತಿತ್ತು. ಬಂದೂಕಿನ ತುದಿಯಲ್ಲಿದ್ದ ಬೆಳಕಿನ ಸಂವೇದಕಕ್ಕೆ ಅದೇ ಕ್ಷಣದಲ್ಲಿ ಬಿಳಿ ಕಂಡರೆ ಏಟು ಬಿತ್ತೆಂದು ಲೆಕ್ಕ. ಅದೇ ಯಂತ್ರವನ್ನು ಅಟ್ಟದಿಂದ ಇಳಿಸಿ ಇಂದಿನ ಚಪ್ಪಟೆ ಟಿವಿಗೆ ಜೋಡಿಸಿದರೆ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಬಿಳಿ ಚೌಕ ಪರದೆಗೆ ಬರುವ ಹೊತ್ತಿಗೆ ಆಟ ‘ಗುರಿ ತಪ್ಪಿತು’ ಎಂದು ತೀರ್ಮಾನಿಸಿ ಮುಂದೆ ಹೋಗಿರುತ್ತದೆ. ನಿಂಟೆಂಡೊದ ಮೂಲ ಬಂದೂಕು ಹಳೆಯ ಟಿವಿಯ ಮಿನುಗನ್ನೇ ಗುರುತಿಸುವಂತೆ ಮಾಡಿದ್ದು, ಅದಕ್ಕಂತೂ ಇನ್ನೂ ಒಂದು ಅಡ್ಡಿ.

ಗೇಮ್ ಮೋಡ್ ಮಾಡುವ ಕೆಲಸ ಇಷ್ಟೇ: ಅಲಂಕಾರವನ್ನು ಆದಷ್ಟು ಬಿಟ್ಟು, ಬಂದ ಫ್ರೇಮನ್ನು ನೇರವಾಗಿ ಪರದೆಗೆ ಕಳಿಸುವುದು. ಹೆಸರು ಕೇಳಿ ಅದು ಏನನ್ನೋ ಹೊಸದಾಗಿ ಸೇರಿಸುತ್ತದೆ ಎಂದುಕೊಳ್ಳಬೇಡಿ. ಅದು ತೆಗೆದುಹಾಕುವ ಮೋಡ್. ಆದ್ದರಿಂದಲೇ ಅದನ್ನು ಹಾಕಿದ ತಕ್ಷಣ ಚಿತ್ರ ಸ್ವಲ್ಪ ಸಪ್ಪೆ ಎನಿಸುತ್ತದೆ, ಹಲವರು ‘ಇದೇನೋ ಕೆಟ್ಟುಹೋಯಿತು’ ಎಂದು ವಾಪಸ್ ತೆಗೆಯುತ್ತಾರೆ. ಅಂಗಡಿಯಲ್ಲಿ ಕಣ್ಣು ಕುಕ್ಕುವ Vivid ಮೋಡ್ ತೋರಿಸಿಯೇ ಟಿವಿ ಮಾರುವುದರಿಂದ ಹಾಗನಿಸುವುದು ಸಹಜ. ಎರಡು ದಿನ ಬಿಟ್ಟರೆ ಕಣ್ಣು ಒಗ್ಗುತ್ತದೆ. ಬೇಕಾದರೆ ಗೇಮ್ ಮೋಡ್ ಒಳಗೇ ಬಣ್ಣ, ಬ್ರೈಟ್‌ನೆಸ್ ಹೆಚ್ಚಿಸಿಕೊಳ್ಳಬಹುದು, ಅದರಿಂದ ತಡ ಹೆಚ್ಚುವುದಿಲ್ಲ. ಒಳ್ಳೆಯ ಟಿವಿಯೊಂದು ಗೇಮ್ ಮೋಡಿನಲ್ಲಿ 60 ಹರ್ಟ್ಜ್ ಚಿತ್ರಕ್ಕೆ 10ರಿಂದ 20 ಮಿಲಿಸೆಕೆಂಡ್ ಮಾತ್ರ ತೆಗೆದುಕೊಳ್ಳುತ್ತದೆ.

ಎಲ್ಲಿದೆ ಅದು? ಎಲ್‌ಜಿ ಟಿವಿಯಲ್ಲಿ ಪಿಕ್ಚರ್ ಮೋಡ್‌ಗಳ ಪಟ್ಟಿಯಲ್ಲಿ Game Optimizer ಎಂದಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ External Device Manager ಒಳಗೆ Game Mode Settings ಹುಡುಕಿ. ಸೋನಿಯಲ್ಲೂ, ಕಡಿಮೆ ಬೆಲೆಯ ಹೆಚ್ಚಿನ ಬ್ರ್ಯಾಂಡ್‌ಗಳಲ್ಲೂ Picture mode ಪಟ್ಟಿಯಲ್ಲಿ ಬರೀ Game ಎಂದಿರುತ್ತದೆ. ಇಲ್ಲಿ ಜನ ಎಡವುವ ಒಂದು ಜಾಗವಿದೆ. ಬಹಳಷ್ಟು ಟಿವಿಗಳು ಈ ಆಯ್ಕೆಯನ್ನು ಒಂದೊಂದು ಎಚ್‌ಡಿಎಂಐ ಪೋರ್ಟಿಗೆ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಸೆಟ್ ಟಾಪ್ ಬಾಕ್ಸ್ ಓಡುತ್ತಿರುವಾಗ ಗೇಮ್ ಮೋಡ್ ಹಾಕಿ, ಆಮೇಲೆ ಕನ್ಸೋಲಿನ ಪೋರ್ಟಿಗೆ ಹೋದರೆ ಅಲ್ಲಿ ಹಳೆಯ ಮೋಡೇ ಕೂತಿರುತ್ತದೆ. ಸಾಮಾನ್ಯ ಚಿತ್ರಕ್ಕೂ ಎಚ್‌ಡಿಆರ್ ಚಿತ್ರಕ್ಕೂ ಮೋಡ್ ಬೇರೆ ಬೇರೆ ಇಡುವ ಟಿವಿಗಳೂ ಇವೆ. ಮೆನುವಿನಲ್ಲಿ ಸರಿ ಇದ್ದದ್ದು ಆಟ ಶುರುವಾದ ಮೇಲೆ ಬದಲಾಗಿಬಿಡುತ್ತದೆ. ಹಾಗಾಗಿ ಆಟ ನಡೆಯುತ್ತಿರುವಾಗಲೇ ರಿಮೋಟ್ ಹಿಡಿದು, ಈಗ ಯಾವ ಮೋಡ್ ಇದೆ ಎಂದು ನೋಡುವುದೇ ಸರಿಯಾದ ದಾರಿ.

ಈಚಿನ ಕನ್ಸೋಲ್‌ಗಳು ಆಟ ಶುರುವಾದಾಗ ತಾವೇ ಟಿವಿಗೆ ‘ಗೇಮ್ ಮೋಡಿಗೆ ಹೋಗು’ ಎಂದು ಹೇಳಬಲ್ಲವು. ಈ ಸೌಲಭ್ಯದ ಹೆಸರು ಎಎಲ್‌ಎಲ್‌ಎಂ. ಎಕ್ಸ್‌ಬಾಕ್ಸ್‌ನಲ್ಲಿ ಅದು Video modes ಒಳಗೆ Allow auto low-latency mode ಎಂಬ ಹೆಸರಿನಲ್ಲಿದೆ. ಪ್ಲೇಸ್ಟೇಷನ್ 5ಕ್ಕೆ 2022ರಲ್ಲಿ ಬಂತು, Screen and Video ಒಳಗಿನ Video Output ಪುಟದಲ್ಲಿ ALLM ಎಂದೇ ಇದೆ. ಟಿವಿಯೂ ಅದನ್ನು ಒಪ್ಪಬೇಕು, ನಡುವೆ ಹಳೆಯ ಸೌಂಡ್‌ಬಾರ್ ಇದ್ದರೆ ಮಾತು ಅಲ್ಲಿಗೇ ನಿಂತೂ ಹೋಗಬಹುದು. ಕನ್ಸೋಲನ್ನು ನೇರವಾಗಿ ಟಿವಿಗೆ ಜೋಡಿಸಿ, ಟಿವಿಯಿಂದ ಸೌಂಡ್‌ಬಾರಿಗೆ ಧ್ವನಿ ಕಳಿಸುವುದು ಒಳ್ಳೆಯದು.

ಗೇಮ್ ಮೋಡ್ ಹಾಕಿದ ಮೇಲೆ ನಿಜವಾಗಿ ಏನಾಯಿತು ಎಂದು ಅಳೆಯಲು ಫೋನ್ ಸಾಕು. ಹಲವು ಫೋನ್‌ಗಳಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇರುತ್ತದೆ. ಅಲ್ಲಿ ಒಂದು ಫ್ರೇಮ್ ಎಂದರೆ 4.17 ಮಿಲಿಸೆಕೆಂಡ್. ಕಂಟ್ರೋಲರನ್ನು ಪರದೆಯ ಮುಂದೆ ಹಿಡಿದು, ಹೆಬ್ಬೆರಳೂ ಪರದೆಯೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಇನ್ನೊಬ್ಬರಿಂದ ಚಿತ್ರೀಕರಿಸಿ. ಒತ್ತಿದ ತಕ್ಷಣ ಏನಾದರೂ ಬದಲಾಗುವ ಕ್ರಿಯೆಯನ್ನು ಆರಿಸಿಕೊಳ್ಳಿ, ಉದಾಹರಣೆಗೆ ಆಟಗಾರ ಜಿಗಿಯುವುದು. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ, ಬಟನ್ ಪೂರ್ತಿ ಒಳಗೆ ಹೋದ ಫ್ರೇಮಿನಿಂದ ಪರದೆಯಲ್ಲಿ ಮೊದಲ ಅಲುಗಾಟ ಕಂಡ ಫ್ರೇಮಿನವರೆಗೆ ಎಣಿಸಿ.

ಸ್ಟ್ಯಾಂಡರ್ಡ್ ಮೋಡಿನಲ್ಲಿ 43 ಫ್ರೇಮ್ ಬಂತು ಎಂದುಕೊಳ್ಳಿ: 179 ಮಿಲಿಸೆಕೆಂಡ್. ಅದೇ ಆಟ, ಅದೇ ಕ್ರಿಯೆ, ಗೇಮ್ ಮೋಡ್ ಹಾಕಿ ಎಣಿಸಿದರೆ 22 ಬಂತು: 92 ಮಿಲಿಸೆಕೆಂಡ್. ಈ 92ರಲ್ಲಿ ಆಟದ ಪಾಲೂ ಇದೆ, ಕಂಟ್ರೋಲರಿನದೂ ಇದೆ, ಹಾಗಾಗಿ ಅದನ್ನು ಟಿವಿಯ ತಲೆಗೆ ಕಟ್ಟಬೇಡಿ. ಎರಡೂ ಸಲ ಆಟದ ಪಾಲು ಒಂದೇ ಆಗಿದ್ದರಿಂದ ಕಳೆದು ಉಳಿದದ್ದು, ಅಂದರೆ 87 ಮಿಲಿಸೆಕೆಂಡ್, ಟಿವಿಯ ಅಲಂಕಾರ ನುಂಗುತ್ತಿದ್ದ ಸಮಯ. 140ರ ವೇಗದ ಚೆಂಡಿನ ಲೆಕ್ಕದಲ್ಲಿ 3.4 ಮೀಟರ್ ವಾಪಸ್ ಸಿಕ್ಕಿತು. ಬಟನ್ ಒತ್ತಿದ್ದು ಆಟದ ಫ್ರೇಮಿನ ಆರಂಭದಲ್ಲೋ ಕೊನೆಯಲ್ಲೋ ಎಂಬುದರ ಮೇಲೆ ಎಣಿಕೆ ಮೂರ್ನಾಲ್ಕು ಹೆಚ್ಚು ಕಡಿಮೆ ಬರುತ್ತದೆ. ಆದ್ದರಿಂದ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡು ಮೋಡ್‌ಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಗೇಮ್ ಮೋಡ್ ಬೇರೆ ಪೋರ್ಟಿಗೆ ಹೋಗಿ ಕೂತಿರುವ ಸಾಧ್ಯತೆಯೇ ಹೆಚ್ಚು.

ಇನ್ನು ರಿಫ್ರೆಶ್ ರೇಟ್. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಎಂಬ ಲೆಕ್ಕ ಅದು. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ ಮೇಲಿನಿಂದ ಕೆಳಗಿನವರೆಗೆ ಇಳಿಯಲು 16.7 ಮಿಲಿಸೆಕೆಂಡ್ ಬೇಕು, 120 ಹರ್ಟ್ಜ್‌ನಲ್ಲಿ 8.3. ಆಟವೂ ಸೆಕೆಂಡಿಗೆ 120 ಫ್ರೇಮ್ ಬರೆದರೆ ಕನ್ಸೋಲಿನ ಒಳಗಿನ ಎರಡು ಮೂರು ಫ್ರೇಮಿನ ಕಾಯುವಿಕೆಯೂ ಅರ್ಧಕ್ಕಿಳಿಯುತ್ತದೆ. ಗೇಮ್ ಮೋಡ್ ಮುಟ್ಟಲಾಗದ ಆಟದ ಪಾಲನ್ನು ಕಡಿಮೆ ಮಾಡುವ ಉಪಾಯ ಇದೊಂದೇ.

ಆದರೆ ನಿಮ್ಮ ಟಿವಿ ನಿಜವಾಗಿ 120 ಹರ್ಟ್ಜ್‌ನದೇ? ಪೆಟ್ಟಿಗೆಯ ಮೇಲೆ ಮೋಷನ್ ರೇಟ್ 120 ಎಂದೋ, ಅಂಥದ್ದೇ ಬೇರೆ ದೊಡ್ಡ ಸಂಖ್ಯೆಯೋ ಅಚ್ಚಾಗಿದ್ದರೆ ಅಲ್ಲಿಗೆ ನಿಲ್ಲಬೇಡಿ. ಅದು ಚಲನೆ ನಯಗೊಳಿಸುವ ತಂತ್ರಕ್ಕೆ ಕಂಪನಿ ಕೊಟ್ಟುಕೊಂಡ ಅಂಕ. ಒಳಗಿನ ಪ್ಯಾನೆಲ್ 60 ಹರ್ಟ್ಜ್‌ನದೇ ಆಗಿರಬಹುದು. ಅಂಥ ಸಂಖ್ಯೆ ಅಚ್ಚು ಹಾಕುವುದು ಗ್ರಾಹಕರಿಗೆ ಮಾಡುವ ಮೋಸ ಎಂದೇ ನನ್ನ ಅಭಿಪ್ರಾಯ. ಕನ್ಸೋಲನ್ನೇ ಕೇಳಿದರೆ ನಿಜ ಗೊತ್ತಾಗುತ್ತದೆ. ಪ್ಲೇಸ್ಟೇಷನ್ 5ರ Video Output Information ಪುಟ, ಎಕ್ಸ್‌ಬಾಕ್ಸ್‌ನ 4K TV details ಪುಟ, ಜೋಡಿಸಿದ ಟಿವಿ ಏನೇನನ್ನು ಒಪ್ಪುತ್ತದೆ ಎಂದು ಪಟ್ಟಿ ಕೊಡುತ್ತವೆ.

ಪಟ್ಟಿಯಲ್ಲಿ 120 ಇಲ್ಲದಿದ್ದರೆ ಟಿವಿಯನ್ನು ಬಯ್ಯುವ ಮೊದಲು ಮೂರು ಸಂಗತಿ ನೋಡಬೇಕು. ಒಂದು ಪೋರ್ಟ್. ನಾಲ್ಕು ಎಚ್‌ಡಿಎಂಐ ಪೋರ್ಟ್ ಇದ್ದರೂ 4ಕೆ ಚಿತ್ರವನ್ನು 120 ಹರ್ಟ್ಜ್‌ನಲ್ಲಿ ಸ್ವೀಕರಿಸುವವು ಎರಡೇ ಇರುವ ಟಿವಿಗಳು ಬಹಳ. ಸೋನಿಯ ಹಲವು ಮಾದರಿಗಳಲ್ಲಿ ಅವು 3 ಮತ್ತು 4ನೇ ಪೋರ್ಟ್‌ಗಳು, ಅದರಲ್ಲೂ 3ನೆಯದು ಸೌಂಡ್‌ಬಾರಿಗೆ ಮೀಸಲಾದ ಪೋರ್ಟ್ ಕೂಡ ಹೌದು. ಪೋರ್ಟಿನ ಪಕ್ಕದಲ್ಲಿ 4K 120Hz ಎಂದು ಸಣ್ಣದಾಗಿ ಬರೆದಿರುವುದುಂಟು. ಗೋಡೆಗೆ ತಗುಲಿಸಿದ ಟಿವಿಯ ಹಿಂದೆ ಟಾರ್ಚ್ ಹಿಡಿದು ನೋಡಬೇಕಾಗುತ್ತದೆ. ಎರಡನೆಯದು ಆ ಪೋರ್ಟಿನ ಬೀಗ. ಹಳೆಯ ಸಾಧನಗಳಿಗೆ ತೊಂದರೆಯಾಗದಿರಲಿ ಎಂದು ಕೆಲವು ಟಿವಿಗಳಲ್ಲಿ ಪೋರ್ಟಿನ ಪೂರ್ತಿ ಸಾಮರ್ಥ್ಯವನ್ನು ಮೆನುವಿನಿಂದ ತೆರೆಯಬೇಕು. ಸ್ಯಾಮ್‌ಸಂಗ್‌ನಲ್ಲಿ ಅದು Input Signal Plus, ಎಲ್‌ಜಿಯಲ್ಲಿ HDMI Deep Colour, ಸೋನಿಯಲ್ಲಿ HDMI signal format ಒಳಗಿನ Enhanced format. ಮೂರನೆಯದು ಕೇಬಲ್. 4ಕೆ ಚಿತ್ರ 60 ಹರ್ಟ್ಜ್‌ಗೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ಕೇಬಲ್ ಸಾಕಾಗುತ್ತದೆ. 120ಕ್ಕೆ ಪ್ಲೇಸ್ಟೇಷನ್ 5 ಸೆಕೆಂಡಿಗೆ 32 ಗಿಗಾಬಿಟ್‌ವರೆಗೆ ಕಳಿಸುತ್ತದೆ. ಅದರ ಜೊತೆ ಬರುವ ಕೇಬಲ್ ಇದಕ್ಕೆ ತಕ್ಕದ್ದೇ. ಅದು ಗಿಡ್ಡವಾಯಿತೆಂದು ಹಳೆಯ ಉದ್ದದ ಕೇಬಲ್ ಹಾಕಿದ್ದರೆ ಆಗಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುವುದು, ಬಿಳಿ ಚುಕ್ಕೆಗಳು ಮಿಣುಕುವುದು ಶುರುವಾಗುತ್ತದೆ. ಹೊಸದು ಕೊಳ್ಳುವುದಾದರೆ Ultra High Speed ಎಂಬ ಪ್ರಮಾಣಪತ್ರದ ಚೀಟಿ ಇರುವುದನ್ನೇ ಕೊಳ್ಳಿ.

ಇಷ್ಟಾದ ಮೇಲೆ ಕನ್ಸೋಲಿಗೂ ಹೇಳಬೇಕು. ಪ್ಲೇಸ್ಟೇಷನ್ 5ರಲ್ಲಿ Video Output ಪುಟದಲ್ಲಿ 120 ಹರ್ಟ್ಜ್ ಆಯ್ಕೆಯನ್ನು ಸ್ವಯಂಚಾಲಿತಕ್ಕೆ ಬಿಡಿ. ನಂತರ Saved Data and Game/App Settings ಒಳಗಿನ Game Presets ಗೆ ಹೋಗಿ Performance Mode ಆರಿಸಿ. ಇಲ್ಲವಾದರೆ ಆಟ ಸೊಗಸಿನ ಚಿತ್ರವನ್ನೇ ಆರಿಸಿಕೊಂಡು ಕಡಿಮೆ ಫ್ರೇಮಿನಲ್ಲೇ ಓಡಬಹುದು. ಈ ಕನ್ಸೋಲ್ 120 ಹರ್ಟ್ಜ್‌ಗೆ ಬದಲಾಗುವುದು ಅದಕ್ಕೆ ಬೆಂಬಲವಿರುವ ಆಟ ಶುರುವಾದಾಗ ಮಾತ್ರ, ಹೋಮ್ ಪರದೆಯಲ್ಲಿ 60 ತೋರಿಸಿದರೆ ಗಾಬರಿ ಬೇಡ. ಫೋರ್ಟ್‌ನೈಟ್, ರಾಕೆಟ್ ಲೀಗ್ ಅಂಥ ಆಟಗಳು. ಅವುಗಳಲ್ಲೂ ಆಟದ ಒಳಗಿನ ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ TV & display options ಒಳಗೆ 120Hz ಆರಿಸಿದರೆ ಎಲ್ಲವೂ 120ರಲ್ಲೇ ಹೊರಬರುತ್ತದೆ. 60 ಫ್ರೇಮಿನ ಆಟಕ್ಕೂ ಅದರಿಂದ ಒಂದಿಷ್ಟು ಲಾಭವಿದೆ, ಏಕೆಂದರೆ ಪ್ರತಿ ಚಿತ್ರ ಪರದೆಗೆ ಇಳಿಯುವ ಸಮಯ ಅರ್ಧವಾಗುತ್ತದೆ.

ಅಲ್ಲೇ ಇರುವ Allow 50Hz ಎಂಬ ಆಯ್ಕೆಯನ್ನು ನಮ್ಮ ದೇಶದ್ದು 50 ಹರ್ಟ್ಜ್ ಎಂದು ಆಟಕ್ಕಾಗಿ ಹಾಕುವ ಅಗತ್ಯವಿಲ್ಲ. ಅದು 50 ಹರ್ಟ್ಜ್ ವಿಡಿಯೊ ನೋಡುವಾಗಿನ ಅನುಕೂಲಕ್ಕೆ ಇರುವುದು. ವಿಆರ್‌ಆರ್ ಬಗ್ಗೆಯೂ ಒಂದು ಮಾತು. ಆಟದ ಫ್ರೇಮ್ ವೇಗ ಏರಿಳಿದಾಗ ಪರದೆಯೂ ಅದಕ್ಕೆ ತಕ್ಕಂತೆ ಹೆಜ್ಜೆ ಹಾಕುವ ಸೌಲಭ್ಯ ಅದು. ಪ್ಲೇಸ್ಟೇಷನ್ 5ರಲ್ಲಿ ಅದು 48ರಿಂದ 120ರ ನಡುವೆ ಕೆಲಸ ಮಾಡುತ್ತದೆ. 30 ಫ್ರೇಮಿನಲ್ಲಿ ಓಡುವ ಆಟಕ್ಕೆ ಅದು ಆಸರೆಯಾಗುವುದಿಲ್ಲ. ಅಂಥ ಆಟದಲ್ಲಿ ಗೇಮ್ ಮೋಡ್ ಹಾಕಿದ ಮೇಲೂ 100 ಮಿಲಿಸೆಕೆಂಡಿಗಿಂತ ಹೆಚ್ಚು ಉಳಿದರೆ ಅದನ್ನು ಯಾವ ಟಿವಿಯೂ ಸರಿಮಾಡಲಾರದು.

60 ಹರ್ಟ್ಜ್ ಟಿವಿ ಇರುವವರು ಇದನ್ನೆಲ್ಲ ಓದಿ ಹೊಸ ಟಿವಿಗೆ ಕೈ ಹಾಕಬೇಕಿಲ್ಲ. ಮೇಲಿನ ಉದಾಹರಣೆಯಲ್ಲಿ ಗೇಮ್ ಮೋಡ್ ಒಂದೇ 87 ಮಿಲಿಸೆಕೆಂಡ್ ಉಳಿಸಿತು. ಅದಕ್ಕೆ ಖರ್ಚಾಗಿದ್ದು ರಿಮೋಟಿನ ನಾಲ್ಕು ಒತ್ತು. 60ರಿಂದ 120ಕ್ಕೆ ಹೋದಾಗ ಉಳಿಯುವುದು ಅದರ ಅರ್ಧಕ್ಕಿಂತಲೂ ಕಡಿಮೆ, ಅದೂ ಆಟ ಒಪ್ಪಿದರೆ. ಇನ್ನು ಅದೇ ಕನ್ಸೋಲಿನಲ್ಲಿ ಸಿನಿಮಾ ನೋಡುವ ಮನೆಯಾದರೆ ಗೇಮ್ ಮೋಡನ್ನು ಕೈಯಿಂದ ಖಾಯಂ ಹಾಕಿಡುವ ಬದಲು ಎಎಲ್‌ಎಲ್‌ಎಂಗೆ ಬಿಡುವುದು ವಾಸಿ. ಆಟ ಮುಗಿದು ಸಿನಿಮಾ ಹಾಕಿದಾಗ ಟಿವಿ ತಾನಾಗಿ ಹಳೆಯ ಮೋಡಿಗೆ ಮರಳುತ್ತದೆ.